ಬಿಳಿ ಗೊಂಬೆ, ಕಂದು ಗೊಂಬೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟ ಮಕ್ಕಳ ಮುಂದೆ ಎರಡು ಗೊಂಬೆ ಇಟ್ಟು "ಚೆನ್ನಾಗಿರೋದು ಯಾವ್ದು?" ಅಂತ ಕೇಳುವ ವಿಡಿಯೋ ಆಗಾಗ ವಾಟ್ಸಾಪಿನಲ್ಲಿ ಸುತ್ತು ಹಾಕುತ್ತಿರುತ್ತದೆ. ಅದು ಬಂದಾಗಲೆಲ್ಲ ನನಗೆ ಪ್ರಶ್ನೆಗಳೂ ಬರುತ್ತವೆ. ಅಪ್ಪ ಅಮ್ಮಂದಿರು, ನರ್ಸರಿ ಟೀಚರುಗಳು, ಬಿ.ಎಡ್. ಓದುವವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲಿಗೆ

ಈ ಗೊಂಬೆ ಪರೀಕ್ಷೆ ನಿಜವಾಗ್ಲೂ ನಡೆದಿದ್ದಾ, ಇಲ್ಲಾ ಯಾರೋ ಕಟ್ಟಿದ ಕಥೇನಾ?

ನಡೆದದ್ದೇ. ನೀವು ನೋಡುವ ವಿಡಿಯೋ ಈಚಿನದು. ಮೂಲ ಪರೀಕ್ಷೆ ಅಮೆರಿಕದಲ್ಲಿ 1940ರ ಸುಮಾರಿಗೆ ನಡೆಯಿತು, ಅದರ ವರದಿ 1947ರಲ್ಲಿ ಅಚ್ಚಾಯಿತು. ಮಾಡಿದವರು ಗಂಡ ಹೆಂಡತಿ: ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಫಿಪ್ಸ್ ಕ್ಲಾರ್ಕ್. ಇಬ್ಬರೂ ಕಪ್ಪು ಜನ, ಇಬ್ಬರೂ ಮನಶ್ಶಾಸ್ತ್ರಜ್ಞರು.

ಎಲ್ಲರೂ ಕೆನೆತ್ ಹೆಸರನ್ನೇ ಹೇಳುತ್ತಾರೆ. ಆದರೆ ಕೆಲಸ ಶುರುವಾದದ್ದು ಮೇಮಿಯಿಂದ. ಕಪ್ಪು ಮಕ್ಕಳಿಗೆ "ನಾನು ಇಂಥವನು" ಅನ್ನುವ ಅರಿವು ಯಾವಾಗ ಬರುತ್ತದೆ ಅನ್ನುವುದು ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಎಂ.ಎ.ಗೆ ಆರಿಸಿಕೊಂಡ ವಿಷಯ. ಆಗ ಬಳಸಿದ್ದು ಗೊಂಬೆಯಲ್ಲ, ಗೆರೆ ಚಿತ್ರ. ಗೊಂಬೆ ಬಂದದ್ದು ಆಮೇಲೆ. ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಅವರ ಹುಟ್ಟೂರು. ಬಿಳಿಯರಿಗೊಂದು ಕರಿಯರಿಗೊಂದು ಅಂತ ಶಾಲೆ ಬೇರೆ ಮಾಡಿದ್ದ ಕಾಲದಲ್ಲಿ ಅವರು ಅಲ್ಲೇ ಓದಿ ಬೆಳೆದವರು. ಮುಂದೆ ಅದೇ ಊರಿನ ಮಕ್ಕಳ ಮುಂದೆ ಗೊಂಬೆ ಇಟ್ಟರು.

ಗೊಂಬೆ ಹೇಗಿದ್ವು? ಮಕ್ಕಳಿಗೆ ಏನಂತ ಕೇಳ್ತಿದ್ರು?

ನಾಲ್ಕು ಗೊಂಬೆ. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಎರಡಕ್ಕೆ ಬಿಳಿ ಮೈ, ಹಳದಿ ಕೂದಲು. ಅಚ್ಚು ಒಂದೇ, ಮೈಮೇಲೆ ಒಂದು ಲಂಗೋಟಿ ಅಷ್ಟೇ. ಮುಂದೆ ಒಂದು ಕೋರ್ಟ್ ಕೇಸಿಗಾಗಿ ಕೆನೆತ್ ಹೊತ್ತುಕೊಂಡು ಹೋದ ಗೊಂಬೆಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 125ನೇ ಬೀದಿಯ ಚಿಲ್ಲರೆ ಅಂಗಡಿಯಲ್ಲಿ ತಲಾ 50 ಸೆಂಟಿಗೆ ಕೊಂಡವು. ಇಷ್ಟು ದೊಡ್ಡ ಹೆಸರಿನ ಪರೀಕ್ಷೆಯ ಸಾಮಾನು ಇಷ್ಟೇ.

ಮಗು ಒಂದೊಂದಾಗಿ ಬರುತ್ತಿತ್ತು. ಎಂಟು ಮಾತು ಹೇಳುತ್ತಿದ್ದರು, ಪ್ರತಿ ಸಲ ಮಗು ಒಂದು ಗೊಂಬೆ ಎತ್ತಿ ಕೊಡಬೇಕು. ಆಡೋಕೆ ಇಷ್ಟವಾಗೋ ಗೊಂಬೆ ಕೊಡು. ಒಳ್ಳೇ ಗೊಂಬೆ ಕೊಡು. ಕೆಟ್ಟದಾಗಿ ಕಾಣೋದು ಕೊಡು. ಚೆಂದದ ಬಣ್ಣದ್ದು ಕೊಡು. ಆಮೇಲೆ, ಬಿಳಿ ಮಗುವಿನ ಥರ ಇರೋದು ಕೊಡು. "ಕಲರ್ಡ್" ಮಗುವಿನ ಥರದ್ದು ಕೊಡು. "ನೀಗ್ರೋ" ಮಗುವಿನ ಥರದ್ದು ಕೊಡು. ಈ ಎರಡೂ ಆ ಕಾಲದಲ್ಲಿ ನಡೆಯುತ್ತಿದ್ದ ಪದಗಳು. ಕೊನೆಗೆ, ನಿನ್ನ ಥರ ಇರೋದು ಕೊಡು.

ಕೇಳುವ ಈ ಕ್ರಮ ಬೇಕೆಂದೇ ಮಾಡಿದ್ದು. "ನಿನ್ನ ಥರ ಯಾವುದು" ಅಂತ ಮೊದಲೇ ಕೇಳಿಬಿಟ್ಟರೆ, ಕಂದು ಗೊಂಬೆ ತೋರಿಸಿದ ಮಗು ಆಮೇಲೆ ಅದನ್ನೇ "ಒಳ್ಳೇದು" ಅನ್ನಬಹುದು. ಹಾಗಾಗಿ ಇಷ್ಟದ ಪ್ರಶ್ನೆ ಮೊದಲು, ಗುರುತಿನ ಪ್ರಶ್ನೆ ಕೊನೆಗೆ.

ಕೊನೆಗೆ ಲೆಕ್ಕ ಏನು ಬಂತು?

1947ರ ವರದಿಯಲ್ಲಿ 253 ಮಕ್ಕಳಿದ್ದಾರೆ. ಎಲ್ಲರೂ ಕಪ್ಪು ಮಕ್ಕಳು, 3ರಿಂದ 7 ವರ್ಷದವರು. 134 ಮಕ್ಕಳು ದಕ್ಷಿಣದ ಅರ್ಕನ್ಸಾದವರು, ಕರಿಯರಿಗೇ ಮೀಸಲಾದ ಶಾಲೆಯವರು. ಉಳಿದ 119 ಮಕ್ಕಳು ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನವರು. ಅಲ್ಲಿ ಬಿಳಿ, ಕಪ್ಪು ಮಕ್ಕಳು ಒಟ್ಟಿಗೇ ಕೂತು ಓದುತ್ತಿದ್ದರು.

ಆಡೋಕೆ ಬಿಳಿ ಗೊಂಬೆ ಬೇಕು ಅಂದವರು ಶೇ. 67. ಒಳ್ಳೇ ಗೊಂಬೆ ಅಂತ ಬಿಳಿಯದನ್ನು ಕೊಟ್ಟವರು ಶೇ. 59. ಕೆಟ್ಟದಾಗಿ ಕಾಣೋದು ಅಂತ ಕಂದು ಗೊಂಬೆ ಕೊಟ್ಟವರೂ ಶೇ. 59, ಬಿಳಿ ಗೊಂಬೆ ಕೊಟ್ಟವರು ಶೇ. 17 ಮಾತ್ರ.

ಇಲ್ಲಿ ಒಂದು ಮಾತು. "ಎಲ್ಲಾ ಮಕ್ಕಳೂ ಬಿಳಿ ಗೊಂಬೆಯನ್ನೇ ಆರಿಸಿದರು" ಅಂತ ಫಾರ್ವರ್ಡುಗಳಲ್ಲಿ ಇರುತ್ತದೆ. ಸುಳ್ಳು. ಮೂರರಲ್ಲಿ ಒಂದು ಮಗು ಕಂದು ಗೊಂಬೆಯ ಜೊತೆಗೇ ಆಡುತ್ತೇನೆ ಅಂದಿತ್ತು. "ಒಳ್ಳೇದು" ಅಂತ ಕಂದು ಗೊಂಬೆ ಕೊಟ್ಟವರು ಶೇ. 38. ಒಲವು ಬಿಳಿಯ ಕಡೆಗೇ ಇತ್ತು, ಆದರೆ ಪೂರ್ತಿ ವಾಲಿರಲಿಲ್ಲ.

ಕೊನೇ ಪ್ರಶ್ನೆಗೆ ಮಕ್ಕಳು ಅತ್ತುಬಿಟ್ಟರಂತೆ, ಹೌದಾ?

ಕೆಲವರು, ಹೌದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಇರುವುದು ಶೇಕಡಾ ಲೆಕ್ಕದಲ್ಲಲ್ಲ, ಇಲ್ಲಿ.

ಮಗುವಿನ ಜಾಗದಲ್ಲಿ ಕೂತು ನೋಡಿ. ಬಿಳಿ ಗೊಂಬೆ ಚೆಂದ ಅಂತ ಈಗಷ್ಟೇ ಹೇಳಿದ್ದೀರಿ. ಕಂದು ಗೊಂಬೆ ಕೆಟ್ಟದಾಗಿದೆ ಅಂತ ಎತ್ತಿ ಕೊಟ್ಟಿದ್ದೀರಿ. ಎದುರಿಗಿರುವ ದೊಡ್ಡವರು ಈಗ "ನಿನ್ನ ಥರ ಇರೋದು ಕೊಡು" ಅಂತಾರೆ. ಮ್ಯಾಸಚೂಸೆಟ್ಸಿನ ಕೆಲವು ಮಕ್ಕಳು ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಅಳುತ್ತಾ ಕೋಣೆಯಿಂದ ಓಡಿಹೋದವರೂ ಇದ್ದರು. ಅಲ್ಲಿನ ಐದು ವರ್ಷದ ಒಂದು ಕಪ್ಪು ಮಗು ಕಂದು ಗೊಂಬೆಯನ್ನೇ ಎತ್ತಿಕೊಂಡಿತು. ಯಾರೂ ಕೇಳದಿದ್ದರೂ, ಮುಖ ಸುಟ್ಟುಕೊಂಡು ಹಾಳು ಮಾಡಿಕೊಂಡೆ ಅಂತ ತಾನಾಗಿ ಕಾರಣವನ್ನೂ ಹೇಳಿತು. ಏಳು ವರ್ಷದ ಇನ್ನೊಂದು ಮಗುವಿನದು ತಿಳಿ ಬಣ್ಣ. ತಾನು ನಿಜಕ್ಕೂ ಬಿಳಿ, ಬೇಸಿಗೆ ಬಿಸಿಲಿಗೆ ಹೀಗಾಗಿದ್ದು ಅಂತ ಅದು ಬಿಡಿಸಿ ಬಿಡಿಸಿ ಹೇಳಿತು.

ಅರ್ಕನ್ಸಾದಲ್ಲಿ ಇದೇ ಪ್ರಶ್ನೆಗೆ ಒಬ್ಬ ಹುಡುಗ ನಗುತ್ತಾ ಕಂದು ಗೊಂಬೆ ತೋರಿಸಿದ್ದನ್ನು ಕೆನೆತ್ ಮುಂದೆ ನೆನೆಸಿಕೊಂಡಿದ್ದಾರೆ. ಕರಿಯರನ್ನು ಬೈಯಲು ಬಿಳಿಯರು ಬಳಸುತ್ತಿದ್ದ ಪದವನ್ನೇ ಹೇಳಿ, ಇದು ಅದು, ನಾನೂ ಅದೇ ಅಂದನಂತೆ. ಅತ್ತು ಓಡಿಹೋದ ಮಕ್ಕಳಷ್ಟೇ ಈ ನಗುವೂ ಅವರನ್ನು ಕಾಡಿತು.

## ಸ್ವಲ್ಪ ಒಳಗೆ ಹೋದರೆ

ಮೂರು ವರ್ಷದ ಮಗುವಿಗೆ ಮೈಬಣ್ಣ ಅಂದ್ರೆ ಏನು ಗೊತ್ತಿರತ್ತೆ? ಸುಮ್ನೆ ಕೈಗೆ ಸಿಕ್ಕಿದ್ದು ತೋರಿಸಿರಬೇಕು ಅಲ್ವಾ?

ಬಣ್ಣ ಗೊತ್ತಿತ್ತು. ಬಿಳಿ ಮಗುವಿನ ಥರದ ಗೊಂಬೆ ಯಾವುದು ಅಂದರೆ ಶೇ. 94 ಮಕ್ಕಳು ಸರಿಯಾಗಿ ಕೊಟ್ಟರು. "ಕಲರ್ಡ್" ಮಗುವಿನದು ಅಂದಾಗ ಶೇ. 93. ಸುಮ್ಮನೆ ಕೈಹಾಕಿದರೆ ಇಷ್ಟು ಬರುವುದಿಲ್ಲ.

ತಾನು ಯಾವ ಗುಂಪು ಅನ್ನುವುದು ಮಾತ್ರ ಬೇರೆ ವಿಷಯ. ನಿನ್ನ ಥರದ್ದು ಯಾವುದು ಅಂದಾಗ ಮೂರು ವರ್ಷದವರಲ್ಲಿ ಕಂದು ಗೊಂಬೆ ಕೊಟ್ಟವರು ಮೂರರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ ಅಷ್ಟೇ. ಏಳು ವರ್ಷದವರಲ್ಲಿ ಅದು ಶೇ. 87. ಬಣ್ಣದ ಹೆಸರು ಮೊದಲು ಬರುತ್ತದೆ, ತಾನು ಅದರೊಳಗೆ ಎಲ್ಲಿದ್ದೇನೆ ಅನ್ನುವುದು ನಿಧಾನಕ್ಕೆ.

ಇನ್ನೂ ಒಂದು ವಿಷಯವನ್ನು ಜನ ಹೇಳುವುದೇ ಇಲ್ಲ. ಕ್ಲಾರ್ಕ್ ದಂಪತಿ ಮಕ್ಕಳನ್ನು ತಿಳಿ, ಮಧ್ಯಮ, ಗಾಢ ಅಂತ ಮೂರು ಮೈಬಣ್ಣವಾಗಿ ಬೇರೆ ಮಾಡಿದ್ದರು. ಗಾಢ ಬಣ್ಣದ ಮಕ್ಕಳಲ್ಲಿ ಶೇ. 81 ಜನ ಕಂದು ಗೊಂಬೆಯೇ ನನ್ನ ಥರ ಅಂದರು. ತಿಳಿ ಬಣ್ಣದವರಲ್ಲಿ ಶೇ. 20 ಮಾತ್ರ. ಮೇಲ್ನೋಟಕ್ಕೆ ಇವರು ತಮ್ಮ ಗುರುತನ್ನೇ ಒಪ್ಪುತ್ತಿಲ್ಲ ಅನಿಸುತ್ತದೆ. ಆದರೆ ಆ ಮಗುವಿನ ಕೈ ನೋಡಿ, ಗೊಂಬೆ ನೋಡಿ. ಅದರ ಮೈಬಣ್ಣಕ್ಕೆ ಬಿಳಿ ಗೊಂಬೆಯೇ ಹತ್ತಿರ! ಕಾನೂನು ಅದನ್ನು "ನೀಗ್ರೋ" ಅಂತಿತ್ತು, ಮಗು ಕಣ್ಣಿಗೆ ಕಂಡದ್ದು ಹೇಳಿತು. ಎಲ್ಲಾ "ತಪ್ಪು" ಉತ್ತರವೂ ನೋವಿನ ಉತ್ತರ ಅಲ್ಲ.

ಹಸುಗೂಸುಗಳಿಗೂ ಬಿಳಿ ಮುಖವೇ ಇಷ್ಟ, ಅದು ಹುಟ್ಟುಗುಣ ಅಂತಾರಲ್ಲ?

ಹಾಗೇನಿಲ್ಲ. ಇಂಗ್ಲೆಂಡಿನಲ್ಲಿ ಬಿಳಿ ಕೂಸುಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಗತಾನೇ ಹುಟ್ಟಿದವು ಯಾವ ಮುಖವನ್ನೂ ಜಾಸ್ತಿ ಹೊತ್ತು ನೋಡಲಿಲ್ಲ. ಮೂರು ತಿಂಗಳಿನವು ತಮ್ಮವರಂಥ ಮುಖವನ್ನು ಜಾಸ್ತಿ ನೋಡಿದವು. ಇಥಿಯೋಪಿಯಾದಲ್ಲಿ ಬೆಳೆಯುತ್ತಿದ್ದ ಕೂಸು ಕಪ್ಪು ಮುಖ ಜಾಸ್ತಿ ನೋಡಿತು, ಇಸ್ರೇಲಿನಲ್ಲಿ ಎರಡೂ ಥರದ ಜನರ ನಡುವೆ ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಕೂಸಿಗೆ ಅಂಥ ಒಲವು ಕಾಣಲಿಲ್ಲ. ದಿನಾ ನೋಡುವ ಮುಖದ ಕಡೆ ಕಣ್ಣು ಹೋಗುತ್ತದೆ, ಅಷ್ಟೇ.

ಈ ಗೊಂಬೆಗಳಿಂದಲೇ ಅಮೆರಿಕದಲ್ಲಿ ಬೇರೆ ಬೇರೆ ಶಾಲೆ ನಿಂತುಹೋಯ್ತು ಅಂತ ಓದಿದ್ದೆ. ನಿಜಾನಾ?

ಅರ್ಧ ನಿಜ. 1951ರಲ್ಲಿ ಸೌತ್ ಕೆರೊಲೈನಾದ ಕ್ಲಾರೆಂಡನ್ ಕೌಂಟಿಯ ಕಪ್ಪು ಪೋಷಕರು ಹಾಕಿದ್ದ ಕೇಸು ವಿಚಾರಣೆಗೆ ಬಂತು. ವಕೀಲ ರಾಬರ್ಟ್ ಕಾರ್ಟರ್ ಕೆನೆತ್ ಕ್ಲಾರ್ಕ್‌ರನ್ನು ಸಾಕ್ಷಿಯಾಗಿ ಕರೆತಂದರು. ಕಾರ್ಟರ್ ಇದ್ದ ತಂಡದ ಮುಖ್ಯಸ್ಥರು ತರ್ಗುಡ್ ಮಾರ್ಷಲ್. ಗೊಂಬೆ ತೋರಿಸಿ ಕೇಸು ಗೆಲ್ಲೋದಾ ಅಂತ ಪೋಷಕರ ಕಡೆಯ ಕೆಲವು ವಕೀಲರೇ ನಕ್ಕಿದ್ದರು.

ಕ್ಲಾರ್ಕ್ ಅಲ್ಲಿನ 16 ಮಕ್ಕಳನ್ನು ಪರೀಕ್ಷಿಸಿದರು. 10 ಮಕ್ಕಳು ಬಿಳಿ ಗೊಂಬೆ ಇಷ್ಟ ಅಂದರು, 11 ಮಕ್ಕಳು ಕಂದು ಗೊಂಬೆ ಕೆಟ್ಟದು ಅಂದರು. ಆ ಕೋರ್ಟಿನಲ್ಲಿ ಪೋಷಕರು ಸೋತರು. ಈ ಕೇಸು ಬೇರೆ ಕೇಸುಗಳ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋಯಿತು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಬೇರೆ ಶಾಲೆ ಸಂವಿಧಾನಕ್ಕೆ ವಿರುದ್ಧ ಅಂದರು. ಅದೇ "ಬ್ರೌನ್" ತೀರ್ಪು.

ತೀರ್ಪಿನ ಒಳಗೆ ಗೊಂಬೆಯ ಮಾತೇ ಇಲ್ಲ. 11ನೇ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಹೆಸರಿದೆ. ಅಲ್ಲಿರುವುದೂ 1947ರ ಗೊಂಬೆ ವರದಿಯಲ್ಲ, ತಾರತಮ್ಯ ಮಕ್ಕಳ ಮನಸ್ಸಿಗೆ ಏನು ಮಾಡುತ್ತದೆ ಅಂತ 1950ರಲ್ಲಿ ಅವರು ಒಂದು ಸಮ್ಮೇಳನಕ್ಕೆ ಬರೆದದ್ದು.

ಒಟ್ಟಿಗೆ ಓದುವ ಉತ್ತರದ ಮಕ್ಕಳಲ್ಲೇ ಬಿಳಿ ಒಲವು ಜಾಸ್ತಿ ಇತ್ತಂತೆ. ಹಾಗಾದ್ರೆ ಬೇರೆ ಶಾಲೆಯಿಂದ ಹೀಗಾಯ್ತು ಅನ್ನೋ ವಾದವೇ ಬಿದ್ದುಹೋಯ್ತಲ್ವಾ?

ಒಳ್ಳೇ ಪ್ರಶ್ನೆ. ಸುಪ್ರೀಂ ಕೋರ್ಟಿನಲ್ಲಿ ಸೌತ್ ಕೆರೊಲೈನಾ ಪರ ವಾದಿಸಿದ ಜಾನ್ ಡೇವಿಸ್ ಹಿಡಿದುಕೊಂಡದ್ದೂ ಇದನ್ನೇ. ಆಡೋಕೆ ಬಿಳಿ ಗೊಂಬೆ ಅಂದವರು ಉತ್ತರದಲ್ಲಿ ಶೇ. 72, ದಕ್ಷಿಣದಲ್ಲಿ ಶೇ. 62. ಕಂದು ಗೊಂಬೆ ಕೆಟ್ಟದು ಅಂದವರು ಉತ್ತರದಲ್ಲಿ ಶೇ. 71, ದಕ್ಷಿಣದಲ್ಲಿ ಶೇ. 49.

ಕ್ಲಾರ್ಕ್ ಕೊಟ್ಟ ವಿವರಣೆ ಹೀಗಿತ್ತು: ದಕ್ಷಿಣದ ಮಗು ತನ್ನ ಜಾಗ ಇಷ್ಟೇ ಅಂತ ಒಪ್ಪಿಕೊಂಡುಬಿಟ್ಟಿದೆ, ಉತ್ತರದ್ದು ಇನ್ನೂ ಒಳಗೊಳಗೇ ಒದ್ದಾಡುತ್ತಿದೆ. ನಕ್ಕ ಹುಡುಗ, ಅತ್ತ ಮಕ್ಕಳನ್ನು ನೆನೆಸಿಕೊಂಡರೆ ಇದನ್ನು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಆದರೂ ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ದಕ್ಷಿಣದಲ್ಲಿ ಒಲವು ಜಾಸ್ತಿ ಬಂದರೆ ಬೇರೆ ಶಾಲೆಯ ಪರಿಣಾಮ, ಕಡಿಮೆ ಬಂದರೂ ಅದರದೇ ಪರಿಣಾಮ ಅಂದರೆ, ಯಾವ ಉತ್ತರ ಬಂದರೂ ಗೆಲ್ಲುವ ಆಟ ಅದು. ಈ ಅಂಕಿ ಗಟ್ಟಿಯಾಗಿ ಹೇಳುವುದು ಬೇರೆ ಮಾತು: ಆ ಮಕ್ಕಳಿಗೆ ಬಣ್ಣದ ಬೆಲೆ ಕಲಿಸಿದ್ದು ಶಾಲೆಯೊಂದೇ ಅಲ್ಲ. ಅಂಗಡಿ, ಪತ್ರಿಕೆ, ಬೀದಿ, ಮನೆಮಾತು ಎಲ್ಲವೂ ಸೇರಿ. ಆ ಗಾಳಿ ಉತ್ತರದಲ್ಲೂ ಇತ್ತು.

ಬಿಳಿ ಮಕ್ಕಳನ್ನ ಕೇಳಲೇ ಇಲ್ವಾ?

ಕ್ಲಾರ್ಕ್ ಕೇಳಲಿಲ್ಲ. ಆಮೇಲೆ ಬೇರೆಯವರು ಕೇಳಿದರು. ಬಿಳಿ ಮಕ್ಕಳ ಒಲವು ಬಿಳಿಯ ಕಡೆ, ಅದೂ ಜೋರಾಗಿ.

ಬಿಳಿ ಗೊಂಬೆ ಆರಿಸಿದ ಮಗುವಿಗೆ ತನ್ನ ಮೇಲೆ ಕೀಳರಿಮೆ ಇದೆ ಅಂತ ಅರ್ಥಾನಾ?

ಬಹಳ ದಿನ ಹಾಗೇ ಅಂದುಕೊಂಡಿದ್ದರು. ಈಗ ಹಾಗಂತ ಸಲೀಸಾಗಿ ಹೇಳುವುದಿಲ್ಲ.

ವಿಲಿಯಂ ಕ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು ಈ ಗಂಟನ್ನು ಬಿಡಿಸಿದರು. "ನನ್ನ ಗುಂಪಿನ ಬೆಲೆ ಎಷ್ಟು" ಅನ್ನುವುದು ಒಂದು. "ನಾನು ಎಷ್ಟರವನು" ಅನ್ನುವುದು ಇನ್ನೊಂದು. ಗೊಂಬೆ ಅಳೆಯುವುದು ಮೊದಲನೆಯದನ್ನು. ಒಂದು ಮಗುವಿಗೆ ಊರಿನವರು ಯಾವ ಬಣ್ಣ ಮೆಚ್ಚುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿರಬಹುದು. ಅದೇ ಮಗು ಮನೆಯಲ್ಲಿ ಅಜ್ಜಿಯ ಮುದ್ದಿನ ಕೂಸಾಗಿ, ನಾನೇ ರಾಜ ಅಂತ ಓಡಾಡಿಕೊಂಡೂ ಇರಬಹುದು. 2000ದಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಅಮೆರಿಕದ ಕಪ್ಪು ಮಕ್ಕಳು ಮತ್ತು ಯುವಜನರ ಆತ್ಮಗೌರವ ಬಿಳಿಯರಿಗಿಂತ ಕಡಿಮೆ ಇರಲಿಲ್ಲ. ಒಂದು ಕೂದಲೆಳೆ ಜಾಸ್ತಿಯೇ ಇತ್ತು.

ಹಾಗಂತ ಮುಖ ಸುಟ್ಟುಕೊಂಡೆ ಅಂದ ಮಗುವಿನ ಮಾತು ಸುಳ್ಳಾಗುವುದಿಲ್ಲ. ಆ ಮಗುವಿಗೆ ನೋವಿತ್ತು. ಆ ಒಂದು ಮಗುವಿನ ನೋವನ್ನು ಶೇ. 67 ಅನ್ನುವ ಅಂಕಿಯೊಳಗೆ ಇರುವ ಎಲ್ಲರಿಗೂ ಹಂಚಿಬಿಡುವುದು ತಪ್ಪು.

## ಇನ್ನೂ ಕೆದಕುವವರಿಗೆ

ಪರೀಕ್ಷೆಯಲ್ಲೇ ದೋಷ ಇದೆ ಅಂತಾರಲ್ಲ, ಏನದು?

ಮೊದಲನೆಯದು ಕೂದಲು. ಬಿಳಿ ಗೊಂಬೆಗೆ ಹಳದಿ ಕೂದಲು, ಕಂದು ಗೊಂಬೆಗೆ ಕಪ್ಪು ಕೂದಲು. ಮಗು ಮೈಬಣ್ಣ ನೋಡಿ ಆರಿಸಿತೋ, ಹಳದಿ ಕೂದಲು ನೋಡಿಯೋ? ಮುಖದ ಅಚ್ಚೂ ಒಂದೇ ಆದ್ದರಿಂದ ಕಂದು ಗೊಂಬೆ ಕಪ್ಪು ಮಗುವಿನ ಹಾಗೆ ಇರಲಿಲ್ಲ, ಬಣ್ಣ ಬದಲಾದ ಬಿಳಿ ಮಗುವಿನ ಹಾಗಿತ್ತು.

ಎರಡನೆಯದು ಅಭ್ಯಾಸ. ಆ ಕಾಲದ ಅಂಗಡಿಯಲ್ಲಿ ಗೊಂಬೆ ಅಂದರೆ ಹೆಚ್ಚಾಗಿ ಬಿಳಿ ಗೊಂಬೆಯೇ. ಮಗು ಯಾವಾಗಲೂ ನೋಡಿದ್ದನ್ನೇ "ಗೊಂಬೆ ಅಂದ್ರೆ ಇದು" ಅಂತ ಎತ್ತಿರಬಹುದು.

ಮೂರನೆಯದು ನನಗೆ ದೊಡ್ಡದಾಗಿ ಕಾಣುತ್ತದೆ. "ಕೆಟ್ಟದಾಗಿ ಕಾಣೋದು ಕೊಡು" ಅಂದಾಗ ಮಗುವಿನ ಕೈಗೆ ಏನು ಉಳಿದಿದೆ? ಎರಡು ಸಲ ಬಿಳಿ ಗೊಂಬೆ ಕೊಟ್ಟಾಗಿದೆ. ಎರಡೇ ಬಣ್ಣ ಇರುವಾಗ "ಕೆಟ್ಟದ್ದು" ಅಂದರೆ ಉಳಿದದ್ದು ತಾನೇ. ಯಾವುದೂ ಕೆಟ್ಟದಾಗಿಲ್ಲ ಅನ್ನುವ ದಾರಿಯನ್ನು ಪ್ರಶ್ನೆಯೇ ಮುಚ್ಚಿದೆ. ಆದರೂ ಸುಮಾರು ಕಾಲು ಭಾಗ ಮಕ್ಕಳು ಈ ಪ್ರಶ್ನೆಗೆ ಯಾವ ಗೊಂಬೆಯನ್ನೂ ಕೊಡಲಿಲ್ಲ. ಬೇರೆ ಯಾವ ಪ್ರಶ್ನೆಗೂ ಹೀಗಾಗಲಿಲ್ಲ. ನಾನಂತೂ ಆ ಕಾಲು ಭಾಗದ ಮಕ್ಕಳನ್ನು ಬಹಳ ಮೆಚ್ಚುತ್ತೇನೆ.

1976ರಲ್ಲಿ ಕರ್ಟಿಸ್ ಬ್ಯಾಂಕ್ಸ್ ಇನ್ನೊಂದು ಮಾತು ಎತ್ತಿದರು. ಎರಡರಲ್ಲಿ ಒಂದು ಆರಿಸುವಾಗ ಕಣ್ಣು ಮುಚ್ಚಿ ಆರಿಸಿದರೂ ಅರ್ಧಕ್ಕರ್ಧ ಬರುತ್ತದೆ. ಅಲ್ಲಿಯವರೆಗಿನ ಇಂಥ ಅಧ್ಯಯನಗಳನ್ನು ಹಾಗೆ ನೋಡಿದರೆ, ಹೆಚ್ಚಿನವುಗಳಲ್ಲಿ ಕಪ್ಪು ಮಕ್ಕಳ ಉತ್ತರ ಆ ಅರ್ಧದ ಆಸುಪಾಸಿನಲ್ಲೇ ಇತ್ತು. ಅದನ್ನು "ಬಿಳಿ ಒಲವು" ಅನ್ನುವಂತಿಲ್ಲ.

ಮನೇಲಿ ನನ್ನ ಮಗಳಿಗೆ ಕೇಳಿ ನೋಡಿದೆ, ಬಿಳಿ ಗೊಂಬೆನೇ ತೋರಿಸಿದ್ಲು. ಚಿಂತೆ ಮಾಡಬೇಕಾ?

ಒಂದು ಮಗು, ಒಂದು ಸಲ, ಎರಡು ಗೊಂಬೆ. ನಾಣ್ಯ ಚಿಮ್ಮಿದ ಹಾಗೆ ಆಯಿತು, ಅದರಿಂದ ಏನೂ ಹೇಳಲಾಗದು.

ಕ್ಲಾರೆಂಡನ್ನಿನ ಲೆಕ್ಕವನ್ನೇ ತಗೊಳ್ಳಿ. 16ರಲ್ಲಿ 10 ಮಕ್ಕಳು ಬಿಳಿ ಗೊಂಬೆ ಅಂದರು. ಯಾವ ಒಲವೂ ಇಲ್ಲದ 16 ಮಕ್ಕಳು ಸುಮ್ಮನೆ ಕೈಹಾಕಿದರೂ, 10 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳ ಕೈ ಬಿಳಿ ಗೊಂಬೆಗೆ ಹೋಗುವ ಸಾಧ್ಯತೆ ಶೇ. 23ರಷ್ಟಿದೆ. ನಾಲ್ಕು ಸಲ ಮಾಡಿದರೆ ಹತ್ತಿರ ಹತ್ತಿರ ಒಂದು ಸಲ ಬರುತ್ತದೆ ಅಂತಾಯಿತು. 12 ಬಂದಿದ್ದರೆ ಆ ಸಾಧ್ಯತೆ ಶೇ. 4ಕ್ಕೆ ಇಳಿಯುತ್ತಿತ್ತು, ಆಗ ಹುಬ್ಬೇರಿಸಬಹುದಿತ್ತು. 253 ಮಕ್ಕಳಲ್ಲಿ ಶೇ. 67 ಅಂದರೆ ಮಾತ್ರ ಬೇರೆ ಕಥೆ. ಅದು ಸುಮ್ಮನೆ ಕೈಹಾಕಿ ಬರುವ ಅಂಕಿಯೇ ಅಲ್ಲ. ಕೋರ್ಟಿನಲ್ಲಿ ಹೆಸರಾದ 16 ಮಕ್ಕಳಿಗಿಂತ, ವರದಿಯಲ್ಲಿ ಮಲಗಿದ್ದ 253 ಮಕ್ಕಳ ಲೆಕ್ಕವೇ ಗಟ್ಟಿ ಸಾಕ್ಷಿ.

ನಿಮ್ಮ ಮಗಳನ್ನು ಕೂರಿಸಿ ಮತ್ತೆ ಮತ್ತೆ ಕೇಳಬೇಡಿ. ಎರಡನೇ ಸಲಕ್ಕೆ ಅವಳು ಗೊಂಬೆಯನ್ನಲ್ಲ, ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾಳೆ.

ಆಮೇಲೆ ಕಾಲ ಬದಲಾದ ಹಾಗೆ ಉತ್ತರವೂ ಬದಲಾಯ್ತಾ?

ಒಂದೊಂದು ಕಡೆ ಒಂದೊಂದು ಥರ. 1969ರಲ್ಲಿ ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ ಹ್ರಾಬಾ ಮತ್ತು ಗ್ರಾಂಟ್ ಅನ್ನುವವರು ಕ್ಲಾರ್ಕ್ ಪ್ರಶ್ನೆಗಳನ್ನೇ ಕೇಳಿದರು. ಶೇ. 70 ಕಪ್ಪು ಮಕ್ಕಳು ಆಡೋಕೆ ಕಪ್ಪು ಗೊಂಬೆ ಆರಿಸಿದರು. "ಕಪ್ಪೇ ಚೆಂದ" ಅನ್ನುವ ಚಳವಳಿಯ ಕಾಲ ಅದು. ಆದರೆ 2005ರಲ್ಲಿ ಹಾರ್ಲೆಮ್‌ನಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ಕಿರುಚಿತ್ರಕ್ಕಾಗಿ ಕೇಳಿದಾಗ 21ರಲ್ಲಿ 15 ಕಪ್ಪು ಮಕ್ಕಳು ಬಿಳಿ ಗೊಂಬೆ ಎತ್ತಿದರು.

ಈ ಏರಿಳಿತಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು 1980ರ ದಶಕದಲ್ಲಿ ಹಾಪ್ಸನ್ ದಂಪತಿ ಮಾಡಿದ ಕೆಲಸ. ಮೊದಲ ಸಲ ಕೇಳಿದಾಗ ಕಪ್ಪು ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿಳಿ ಗೊಂಬೆ ಅಂದರು. ಆಮೇಲೆ ಅರ್ಧ ಗಂಟೆ ಇಷ್ಟು ಮಾಡಿದರು: ಕಪ್ಪು ಗೊಂಬೆ ಆರಿಸಿದವರನ್ನು ಹೊಗಳಿ ಮುಂದೆ ಕೂರಿಸಿದರು, ಕಪ್ಪು ಮಕ್ಕಳ ಬಗ್ಗೆ ಒಳ್ಳೆಯ ಕಥೆ ಹೇಳಿದರು, ಗೊಂಬೆ ಎತ್ತಿ ಹಿಡಿದು ಚೆಂದ ಅಂತ ಮಕ್ಕಳ ಬಾಯಲ್ಲಿ ಹೇಳಿಸಿದರು. ಮತ್ತೆ ಕೇಳಿದಾಗ ಲೆಕ್ಕ ತಲೆಕೆಳಗಾಗಿ ಮೂರರಲ್ಲಿ ಎರಡು ಪಾಲು ಕಪ್ಪು ಗೊಂಬೆ ಅಂದರು. ಬಿಳಿ ಮಕ್ಕಳೂ ಹಾಗೇ ಬದಲಾದರು!

ಇದನ್ನು ಎರಡು ಥರ ಓದಬಹುದು. ಒಲವು ಅಷ್ಟು ಬೇಗ ತಿದ್ದಬಹುದಾದದ್ದು ಅಂತ ಖುಷಿಪಡಬಹುದು. ಅಥವಾ, ಈ ಕೋಣೆಯಲ್ಲಿ ದೊಡ್ಡವರಿಗೆ ಯಾವ ಉತ್ತರ ಇಷ್ಟ ಅನ್ನುವುದನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತರು ಅನ್ನಬಹುದು. ನಾನು ಎರಡನೆಯದರ ಕಡೆ. ಮೊದಲ ಸಲದ ಉತ್ತರವನ್ನೂ ಅವರು ಹಾಗೇ ಕಲಿತಿದ್ದು, ಹೊರಗಿನ ದೊಡ್ಡ ಕೋಣೆಯಲ್ಲಿ.

ಕೇಳದೇನೇ ಇದನ್ನ ತಿಳಿಯೋಕೆ ಆಗಲ್ವಾ?

ಆಗುತ್ತದೆ. ಟೋನಿ ಸ್ಟರ್ಡಿವಂಟ್ ಅನ್ನುವ ಸಂಶೋಧಕಿ ಟೆಕ್ಸಾಸಿನ ಒಂದು ಮಿಶ್ರ ನರ್ಸರಿಯಲ್ಲಿ ಹಾಗೆ ಮಾಡಿದರು. ಆಟದ ಮೂಲೆಯಲ್ಲಿ ಬೇರೆ ಬೇರೆ ಮೈಬಣ್ಣದ ಗೊಂಬೆ ಇಟ್ಟು, ಸುಮ್ಮನೆ ಕೂತು ನೋಡಿದರು. ಕಪ್ಪು ಹುಡುಗಿಯರು ಆಡಲು ಕಪ್ಪು ಗೊಂಬೆಯನ್ನು ತೆಗೆದುಕೊಂಡದ್ದೇ ಕಡಿಮೆ. ತೆಗೆದುಕೊಂಡಾಗಲೂ ಉಪಚಾರ ಬೇರೆ. ಒಂದು ಮಗು ಅದನ್ನು ಆಟದ ಪಾತ್ರೆಗೆ ಹಾಕಿ ಬೇಯಿಸಿತು. ಬೇರೆ ಗೊಂಬೆಗಳಿಗೆ ಈ ಗತಿ ಬರಲಿಲ್ಲ.

ಇಲ್ಲಿ ದೊಡ್ಡವರ ಪ್ರಶ್ನೆ ಇಲ್ಲ, "ಕೆಟ್ಟದು ಯಾವುದು" ಅನ್ನುವ ಬಲವಂತವೂ ಇಲ್ಲ. ಹಳೇ ಪರೀಕ್ಷೆಯ ಬಹಳಷ್ಟು ದೋಷ ಇದಕ್ಕೆ ತಟ್ಟುವುದಿಲ್ಲ. ಕಷ್ಟ ಏನೆಂದರೆ ದಿನಗಟ್ಟಲೆ ಕೂರಬೇಕು, ನೋಡಲಾಗುವುದು ಬೆರಳೆಣಿಕೆಯ ಮಕ್ಕಳನ್ನು.

ನಮ್ಮಲ್ಲಿ ಅಕ್ಕ ಬೆಳ್ಳಗೆ, ತಂಗಿ ಕಪ್ಪಗೆ ಒಂದೇ ಮನೇಲಿ ಇರ್ತಾರೆ. ಅಮೆರಿಕದ ಪರೀಕ್ಷೆ ನಮಗೆ ಹೊಂದತ್ತಾ?

ಹಾಗೇ ಎತ್ತಿ ತಂದರೆ ಹೊಂದುವುದಿಲ್ಲ. ಅಲ್ಲಿ ಎರಡು ಗೊಂಬೆ ಅಂದರೆ ಎರಡು ಜನಾಂಗ. ನಮ್ಮಲ್ಲಿ ಬಣ್ಣ ಒಂದೇ ಮನೆಯೊಳಗೆ ಏಣಿಯ ಮೆಟ್ಟಿಲಿನ ಹಾಗೆ: ಬಿಳಿ, ಗೋಧಿ ಬಣ್ಣ, ಎಣ್ಣೆಗೆಂಪು, ಕಪ್ಪು. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಅನ್ನುವ ಮಾತಿನಲ್ಲಿ ಆ "ದ್ರೂ" ಎಷ್ಟು ಕೆಲಸ ಮಾಡುತ್ತದೆ ನೋಡಿ. ಇಲ್ಲಿ ಎರಡು ಗೊಂಬೆ ಸಾಲದು. 2010ರಲ್ಲಿ ಮಾರ್ಗರೆಟ್ ಬೀಲ್ ಸ್ಪೆನ್ಸರ್ ಅಮೆರಿಕದಲ್ಲಿ 133 ಮಕ್ಕಳಿಗೆ ತೋರಿಸಿದ ಚಿತ್ರ ನಮಗೆ ಹತ್ತಿರ: ಐದು ಮಕ್ಕಳ ಚಿತ್ರ, ಎಲ್ಲವೂ ಒಂದೇ ಥರ, ಮೈಬಣ್ಣ ಮಾತ್ರ ತಿಳಿಯಿಂದ ಗಾಢಕ್ಕೆ. ಕೂದಲಿನ ತೊಡಕೂ ಇಲ್ಲ.

ಮಾತಿನ ತೊಡಕು ಮಾತ್ರ ಉಳಿಯುತ್ತದೆ. "ಕೆಟ್ಟ ಗೊಂಬೆ ಯಾವ್ದು" ಅಂದರೆ ನಮ್ಮ ಮಗು ಕೆಟ್ಟುಹೋದ, ಕೈ ಮುರಿದ ಗೊಂಬೆ ಹುಡುಕಬಹುದು. ಇನ್ನು "ಬೆಳ್ಳಗೆ" ಅನ್ನುವುದು ನಮಗೆ ಬಣ್ಣವೂ ಹೌದು, ಶುಚಿಯೂ ಹೌದು. ಬಟ್ಟೆ ಒಗೆದರೆ ಬೆಳ್ಳಗಾಗುತ್ತದೆ, ಪಾತ್ರೆ ತಿಕ್ಕಿದರೆ ಬೆಳ್ಳಗಾಗುತ್ತದೆ. ಕಪ್ಪು ಗೊಂಬೆ ಬೇಡ ಅಂದ ನಾಲ್ಕು ವರ್ಷದ ಮಗು, ಅದು ಕೊಳೆಯಾಗಿದೆ ಅಂದುಕೊಂಡಿರಬಹುದು. ಸ್ನಾನದ ಹೊತ್ತಿನಲ್ಲಿ "ಚೆನ್ನಾಗಿ ಉಜ್ಜು, ಬೆಳ್ಳಗಾಗ್ತೀಯ" ಅಂತ ಅದು ಕೇಳಿದ್ದೂ ಅದನ್ನೇ.

ಹಾಗಾಗಿ ನಮ್ಮಲ್ಲಿ ಯಾರಾದರೂ ಇದನ್ನು ಮಾಡುವುದಾದರೆ ನನ್ನದೊಂದು ಸಲಹೆ ಇದೆ. ಕೇಳುವ ಮೊದಲು ಎಲ್ಲಾ ಗೊಂಬೆಗಳಿಗೂ ಮಗುವಿನ ಕೈಯಲ್ಲೇ ಸೋಪು ಹಾಕಿ ತೊಳೆಸಿ, ಟವೆಲ್ಲಿನಲ್ಲಿ ಒರೆಸಿಸಿ, ಸಾಲಾಗಿ ಕೂರಿಸಿ. ಆಮೇಲೆ ಕೇಳಿ. ಮಗು "ಇದಿನ್ನೂ ಹೋಗಿಲ್ಲ" ಅಂತ ಕಪ್ಪು ಗೊಂಬೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದರೆ, ಪ್ರಶ್ನೆ ಕೇಳುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.